ಮೂರನೇ ಶ್ರೇಣಿಯ ವಸತಿ ಮಿತಿ

"ಹೆಬ್ರಿಯಿಂದ ಆಚೆ ಎಲ್ಲಿಯಾದರೂ ಲಾಡ್ಜ್ ಅಂತ ಉಂಟಾ?"

ಲೆಕ್ಕಿಗ ವಿಷ್ಣುಮೂರ್ತಿ ರಾಯರು ಇದನ್ನು ಯಾರನ್ನೂ ಉದ್ದೇಶಿಸಿ ಕೇಳಲಿಲ್ಲ. ಮೇಜಿನ ಮೇಲೆ ಹರಡಿದ್ದ ಗೆರೆ ಎಳೆದ ಹಾಳೆಯನ್ನು ನೋಡುತ್ತ ಬಾಯಿಗೆ ಬಂದದ್ದನ್ನು ಹೊರಗೆ ಬಿಟ್ಟರು. ಪಕ್ಕದಲ್ಲಿ ಮನೋರಮಾಳ ಟೈಪ್‌ರೈಟರ್ ಒಂದು ಗಳಿಗೆ ನಿಂತಿತು. ಉತ್ತರ ಕೊಡಬೇಕೋ ಬೇಡವೋ ಎಂದು ಅವಳು ತಲೆ ಎತ್ತಿ ನೋಡಿದಳು. ರಾಯರ ಮುಖದಲ್ಲಿ ಉತ್ತರದ ನಿರೀಕ್ಷೆ ಇರಲಿಲ್ಲ. ಯಂತ್ರ ಮತ್ತೆ ಸದ್ದು ಮಾಡತೊಡಗಿತು.

ಅದು ಎಪ್ಪತ್ತೊಂಬತ್ತರ ಮೇ ತಿಂಗಳು. ಉಡುಪಿಯ ಗೇರುಬೀಜ ಮಾರಾಟ ಸಹಕಾರಿ ಸಂಘದ ಮಹಡಿಯ ಮೇಲಿನ ಕಚೇರಿ. ಸಂಘದ ವರ್ಷ ಜುಲೈಗೆ ಶುರುವಾಗುತ್ತದೆ. ಅದಕ್ಕೆ ಮೊದಲು ಬಜೆಟ್ ಆಡಳಿತ ಮಂಡಳಿಯ ಮುಂದೆ ಬರಬೇಕು. ಆ ಸಲ ಬಜೆಟ್ಟಿನ ಜೊತೆಗೆ ಪ್ರಯಾಣ ಭತ್ಯೆ, ದಿನಭತ್ಯೆಗಳ ಹೊಸ ದರಪಟ್ಟಿಯೂ ಆಗಬೇಕಿತ್ತು. ಹಳೆಯ ಪಟ್ಟಿ ಹದಿಮೂರು ವರ್ಷದ್ದು. ಅದರಲ್ಲಿ ಜವಾನರಿಗೆ ರೈಲಿನ ಮೂರನೇ ದರ್ಜೆ ಎಂದು ಬರೆದಿತ್ತು. ರೈಲಿನಲ್ಲಿ ಮೂರನೇ ದರ್ಜೆಯೇ ಇಲ್ಲವಾಗಿ ಐದು ವರ್ಷ ಕಳೆದಿತ್ತು. ಜವಾನ ಅಣ್ಣು ಒಮ್ಮೆ ಮಂಗಳೂರಿನಿಂದ ಮದರಾಸಿಗೆ ಕಡತ ಹೊತ್ತುಕೊಂಡು ಹೋಗಿ ಬಂದಾಗ, ಇಲ್ಲದ ದರ್ಜೆಯ ದರ ಯಾವುದು ಎಂದು ತೀರ್ಮಾನವಾಗಲು ಏಳು ವಾರ ಹಿಡಿದಿತ್ತು.

ಇದು ನಗುವ ವಿಷಯವಾಯಿತು. ನಗು ಬಾರದ ವಿಷಯ ಬೇರೆ ಇತ್ತು. ಆ ವರ್ಷದ ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ, ಹಳ್ಳಿಗಳಿಗೆ ಹೋಗಿ ಬೀಜ ಕೊಳ್ಳುವ ಕ್ಷೇತ್ರ ಮೇಲ್ವಿಚಾರಕರಿಗೆ ಕೊಡುವ ರಾತ್ರಿ ವಸ್ತಿಯ ಮೂರು ರೂಪಾಯಿಗೆ ಯಾವ ಆಧಾರವೂ ಇಲ್ಲ, ರಶೀದಿ ಇಲ್ಲದ ಪಾವತಿ ನಿಲ್ಲಬೇಕು ಎಂದು ಬರೆದಿದ್ದರು. ರಾಯರು ಮಣಿಪಾಲಕ್ಕೆ ಅವರ ಕಚೇರಿಗೆ ಎರಡು ಸಲ ಹೋಗಿ ಬಂದರು. ಉಡುಪಿಯಿಂದ ಮಣಿಪಾಲ ಎಂಟು ಕಿಲೋಮೀಟರಿನ ಒಳಗೆ. ಅಲ್ಲಿಗೆ ಹೋದರೆ ಬಸ್ಸಿನ ದುಡ್ಡು ಮಾತ್ರ, ದಿನಭತ್ಯೆ ಇಲ್ಲ. ಆ ನಿಯಮ ರಾಯರದೇ ಬರವಣಿಗೆ. ಪರಿಶೋಧಕರು ಸೌಜನ್ಯದಿಂದಲೇ ಮಾತಾಡಿದರು. ನೀವು ಎಷ್ಟು ಬೇಕಾದರೂ ಕೊಡಿ, ಮುದ್ರಿತ ರಶೀದಿ ಒಂದು ಇರಲಿ ಎಂದರು.

ರಾಯರು ಪಟ್ಟಿಯನ್ನು ನಾಲ್ಕು ಶ್ರೇಣಿಯಾಗಿ ಎಳೆದರು. ಒಂದನೇ ಶ್ರೇಣಿ ಅಧ್ಯಕ್ಷರು ಮತ್ತು ನಿರ್ದೇಶಕರು: ರೈಲಿನಲ್ಲಿ ಒಂದನೇ ದರ್ಜೆ, ವಿಮಾನವಾದರೆ ಮಂಡಳಿಯ ಪೂರ್ವಾನುಮತಿ. ಎರಡನೇ ಶ್ರೇಣಿ ಕಾರ್ಯದರ್ಶಿ ಮತ್ತು ಲೆಕ್ಕಿಗರು: ರೈಲಿನಲ್ಲಿ ಎರಡನೇ ದರ್ಜೆಯ ಮಲಗುವ ಸೀಟು, ರಸ್ತೆಯಲ್ಲಿ ಎಕ್ಸ್‌ಪ್ರೆಸ್ ಬಸ್ಸು. ಮೂರನೇ ಶ್ರೇಣಿ ಗುಮಾಸ್ತರು ಮತ್ತು ಮೇಲ್ವಿಚಾರಕರು, ನಾಲ್ಕನೇ ಶ್ರೇಣಿ ಜವಾನರು. ಇವರಿಗೆ ಎರಡನೇ ದರ್ಜೆ, ಸಾಮಾನ್ಯ ಬಸ್ಸು. ದಿನಭತ್ಯೆಗೆ ಊರುಗಳನ್ನು ಮೂರು ಮಾಡಿದರು. ಬೊಂಬಾಯಿ, ದಿಲ್ಲಿ, ಮದರಾಸು, ಕಲ್ಕತ್ತ ಒಂದು ಸಾಲು; ಬೆಂಗಳೂರು ಇನ್ನೊಂದು; ಉಳಿದ ಲೋಕವೆಲ್ಲ ಮೂರನೆಯದು. ಕೇಂದ್ರ ಸ್ಥಾನದಿಂದ ಆರು ಗಂಟೆಗಿಂತ ಕಡಿಮೆ ಹೊರಗಿದ್ದರೆ ಏನೂ ಇಲ್ಲ, ಹನ್ನೆರಡು ಗಂಟೆಯವರೆಗೆ ಅರ್ಧ, ದಾಟಿದರೆ ಪೂರ್ತಿ. ಕೊನೆಯ ಅಂಕಣ ವಸತಿಯ ಮಿತಿ.

ಎಲ್ಲ ಬರೆದು ಕೂಡಿಸಿದಾಗ ಲೆಕ್ಕ ಕೂಡಲಿಲ್ಲ. ಪ್ರಯಾಣದ ಬಾಬ್ತು ಹದಿನಾಲ್ಕು ಸಾವಿರ ಮೀರಬಾರದು ಎಂದು ಮಂಡಳಿ ಮೊದಲೇ ಹೇಳಿತ್ತು. ನಿರ್ದೇಶಕರಿಗೆ ಒಂದನೇ ದರ್ಜೆ, ಬೊಂಬಾಯಿಯ ವಸತಿ ಮಿತಿ ಇಮ್ಮಡಿ ಎಂದೂ ಅದೇ ಮಂಡಳಿ ಹೇಳಿತ್ತು. ಅದರಿಂದ ಐನೂರ ನಲವತ್ತು ರೂಪಾಯಿ ಹೆಚ್ಚಾಯಿತು. ಎಲ್ಲಿಂದ ತೆಗೆಯುವುದು?

ಆ ಹೊತ್ತಿನಲ್ಲಿ ರಾಯರ ಬಾಯಿಂದ ಲಾಡ್ಜಿನ ಆ ಪ್ರಶ್ನೆ ಹೊರಬಿದ್ದದ್ದು.

ಐದು ಜನ ಮೇಲ್ವಿಚಾರಕರು. ಗೇರುಬೀಜದ ಕಾಲ ಫೆಬ್ರವರಿಯಿಂದ ಮೇ. ಒಬ್ಬೊಬ್ಬರಿಗೆ ತಿಂಗಳಿಗೆ ಹನ್ನೆರಡು ರಾತ್ರಿಯಂತೆ ಒಟ್ಟು ಇನ್ನೂರ ನಲವತ್ತು ರಾತ್ರಿ, ಮೂರರಂತೆ ಏಳುನೂರ ಇಪ್ಪತ್ತು ರೂಪಾಯಿ. ರಾಯರು ರಾತ್ರಿ ವಸ್ತಿ ಎಂಬ ಸಾಲನ್ನು ಅಡ್ಡಗೆರೆ ಎಳೆದು ಹೊಡೆದರು. ಮೂರನೇ ಶ್ರೇಣಿಯ ವಸತಿ ಅಂಕಣದಲ್ಲಿ ಎಂಟು ರೂಪಾಯಿ ಎಂದು ಬರೆದರು. ಕೆಳಗೆ ನಿಯಮ ನಾಲ್ಕು: ವಸತಿ ವೆಚ್ಚವನ್ನು ಲಾಡ್ಜಿನ ಮುದ್ರಿತ ರಶೀದಿಯ ಮೇಲೆ ಮಾತ್ರ, ಮಿತಿಗೆ ಒಳಪಟ್ಟು ಕೊಡಲಾಗುವುದು.

ಮೂರು ಎಂಟಾಯಿತು. ಕೇಳಿದವರಿಗೆ ಸಂತೋಷವಾಗುವ ಸಂಖ್ಯೆ. ಆದರೆ ಮೇಲ್ವಿಚಾರಕರು ಮಲಗುವ ಹಳ್ಳಿಗಳಲ್ಲಿ ಲಾಡ್ಜ್ ಇರಲಿಲ್ಲ. ಲಾಡ್ಜ್ ಇಲ್ಲದಲ್ಲಿ ರಶೀದಿ ಇಲ್ಲ, ರಶೀದಿ ಇಲ್ಲದಲ್ಲಿ ಖರ್ಚಿಲ್ಲ. ಯಾರಾದರೂ ಮಂಗಳೂರಿಗೋ ಬೆಂಗಳೂರಿಗೋ ಹೋದರೆ ಇರಲಿ ಎಂದು ವರ್ಷಕ್ಕೆ ಇಪ್ಪತ್ತು ರಾತ್ರಿ ಹಿಡಿದು ನೂರ ಅರುವತ್ತು ಇಟ್ಟರು. ಕೂಡಿಸಿದರು. ಹದಿನಾಲ್ಕು ಸಾವಿರಕ್ಕೆ ಇಪ್ಪತ್ತು ಕಡಿಮೆ ಬಂತು.

ಕಾರ್ಯದರ್ಶಿ ಹೃಷೀಕೇಶರಿಗೆ ಪಟ್ಟಿ ಬಹಳ ಹಿಡಿಸಿತು. ಮಂಡಳಿಯ ಸಭೆಯಲ್ಲಿ ಒಬ್ಬ ನಿರ್ದೇಶಕರು, ಕಾರ್ಕಳ ಕಾಪುವಿನಿಂದ ಉಡುಪಿಗೆ ಬರುವವರಿಗೆ ದಿನಭತ್ಯೆ ಯಾಕೆ, ಮಠದಲ್ಲಿ ಮಧ್ಯಾಹ್ನದ ಊಟ ಉಂಟಲ್ಲ ಎಂದು ತಮಾಷೆ ಮಾಡಿದರಂತೆ. ಎಲ್ಲರೂ ನಕ್ಕರಂತೆ. ಅದು ಬಿಟ್ಟರೆ ಚರ್ಚೆಯಾಗಲಿಲ್ಲ. ಪಟ್ಟಿಯ ಅಡಿಯಲ್ಲಿ ರಾಯರು ಒಂದು ಟಿಪ್ಪಣಿ ಬರೆದು ಸಹಿ ಮಾಡಿದ್ದರು: ಕ್ಷೇತ್ರ ಸಿಬ್ಬಂದಿಯ ವಸತಿ ಸೌಲಭ್ಯವನ್ನು ಗಣನೀಯವಾಗಿ ಹೆಚ್ಚಿಸಲಾಗಿದೆ. ಮನೋರಮಾ ಅದನ್ನು ನಾಲ್ಕು ಪ್ರತಿ ಟೈಪು ಮಾಡಿದಳು. 'ಗಣನೀಯವಾಗಿ' ಎಂಬಲ್ಲಿ ನಿಂತು ಒಮ್ಮೆ ರಾಯರ ಕಡೆ ನೋಡಿದಳು. ಅವರು ಪಂಚಾಂಗ ತಿರುಗಿಸುತ್ತಿದ್ದರು. ಮಾರನೆಯ ದಿನ ಏಕಾದಶಿ.

ಕಾರ್ಕಳ ಶಾಖೆಯ ಮೇಲ್ವಿಚಾರಕ ಭೋಜ. ಮೂವತ್ತೆರಡು ವರ್ಷ, ಐದು ವರ್ಷದಿಂದ ತಾತ್ಕಾಲಿಕ. ಎಂಬತ್ತರ ಜೂನಿನಲ್ಲಿ ಕೆಲಸ ಖಾಯಂ ಆಗುವುದಿತ್ತು. ಹೆಬ್ರಿಯ ಆಚೆಗಿನ ಹಳ್ಳಿಗಳು ಅವನ ಪಾಲಿಗೆ. ಬೆಳಿಗ್ಗೆ ಎಂಟರ ಬಸ್ಸಿಗೆ ಹೋಗಿ ಸಂಜೆ ಆರಕ್ಕೆ ಮರಳಬಹುದಿತ್ತು. ಹಾಗೆ ಮಾಡಿದರೆ ಬೀಜ ಸಿಗುವುದಿಲ್ಲ. ಜನ ಹಗಲೆಲ್ಲ ಗುಡ್ಡದಲ್ಲಿ ಹೆಕ್ಕಿ ಕತ್ತಲಾಗುವಾಗ ಚೀಲ ಹೊತ್ತು ತರುತ್ತಾರೆ, ಉಳಿದವರು ಬೆಳಕು ಹರಿಯುವಾಗ. ಆ ಎರಡು ಹೊತ್ತಿಗೂ ತಕ್ಕಡಿ ಅಲ್ಲಿರಬೇಕು. ಇಲ್ಲದಿದ್ದರೆ ಬೀಜ ಖಾಸಗಿ ವ್ಯಾಪಾರಿಯ ಲಾರಿ ಹತ್ತುತ್ತದೆ.

ಭೋಜ ಮಲಗುತ್ತಿದ್ದದ್ದು ಕುಶಲಕ್ಕನ ಜಗಲಿಯಲ್ಲಿ. ಗಂಡ ತೀರಿಕೊಂಡ ಮೇಲೆ ಆಕೆ ರಸ್ತೆಯ ಬದಿಯಲ್ಲಿ ಗಂಜಿ, ಚಾ ಮಾರುತ್ತಿದ್ದಳು. ಒಂದು ಚಾಪೆ, ರಾತ್ರಿ ಗಂಜಿ, ಬೆಳಿಗ್ಗೆ ಬಿಸಿನೀರು. ಭೋಜ ಎರಡು ರೂಪಾಯಿ ಕೊಡುತ್ತಿದ್ದ. ಉಳಿದ ಒಂದು ರೂಪಾಯಿ ತಕ್ಕಡಿ ಹೊತ್ತು ತರುವ ಕೂಲಿಗೆ. ಅರ್ಧ ಮೈಲಿ ಆಚೆ ದೊಡ್ಡ ತೋಟದವರ ಮನೆ ಇತ್ತು. ಅಲ್ಲಿ ಮಂಚ, ಸೊಳ್ಳೆ ಪರದೆ, ಮೀನಿನ ಊಟ, ಎಲ್ಲ ಪುಕ್ಕಟೆ, ಕರೆಯುತ್ತಲೇ ಇದ್ದರು. ಭೋಜ ಒಮ್ಮೆಯೂ ಹೋಗಲಿಲ್ಲ. ಅವರ ಅನ್ನ ಉಂಡು ಅವರ ಬೀಜವನ್ನೇ ತೂಗಲಿಕ್ಕೆ ಕೂತರೆ ಹಸಿ ಬೀಜ ಒಣಗಿದ್ದಾಗಿ ಕಾಣುತ್ತದೆ, ಪೊಳ್ಳು ಗಟ್ಟಿಯಾಗಿ ಕಾಣುತ್ತದೆ ಎಂದು ಅವನು ಶಾಖೆಯಲ್ಲಿ ಹೇಳಿದ್ದುಂಟು. ಸಂಘದ ತಕ್ಕಡಿ ಅಲ್ಲಿ ನೆಟ್ಟಗೆ ನಿಲ್ಲುತ್ತಿದ್ದದ್ದು ಆ ಮೂರು ರೂಪಾಯಿಯ ಮೇಲೆ. ಇದು ಯಾವ ನಿಯಮದಲ್ಲೂ ಬರೆದಿರಲಿಲ್ಲ.

ಎಂಬತ್ತರ ಫೆಬ್ರವರಿ ಕಳೆದಾಗ ಹೊಸ ಪಟ್ಟಿಯ ಪ್ರಕಾರ ಭೋಜನ ಮೊದಲ ಬಿಲ್ಲು ಉಡುಪಿಗೆ ಬಂತು. ಹನ್ನೆರಡು ರಾತ್ರಿ, ಎಂಟು ಎಂದು ಹಾಕಿರಲಿಲ್ಲ, ಎರಡರಂತೆ ಇಪ್ಪತ್ತನಾಲ್ಕು ರೂಪಾಯಿ. ಜೊತೆಗೆ ಪುಸ್ತಕದಿಂದ ಹರಿದ ಒಂದು ಹಾಳೆ. ಜಗಲಿ ಮತ್ತು ಗಂಜಿಯ ಬಾಬ್ತು ಇಷ್ಟು ಪಡೆದಿದ್ದೇನೆ ಎಂದು ಭೋಜನ ಅಕ್ಷರ, ಕೆಳಗೆ ಕುಶಲಕ್ಕನ ಹೆಬ್ಬೆಟ್ಟು. ಶಾಯಿ ಹೆಚ್ಚಾಗಿ ಹೆಬ್ಬೆಟ್ಟಿನ ಗೆರೆಗಳು ಒಂದಕ್ಕೊಂದು ಸೇರಿಹೋಗಿದ್ದವು. ರಾಯರು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೆಂಪು ಶಾಯಿಯಲ್ಲಿ, ನಿಯಮ ನಾಲ್ಕರಂತೆ ಮುದ್ರಿತ ರಶೀದಿ ಇಲ್ಲ, ಅಂಗೀಕರಿಸಿಲ್ಲ ಎಂದು ಬರೆದು ಇಪ್ಪತ್ತನಾಲ್ಕನ್ನು ಹೊಡೆದರು. ದಿನಭತ್ಯೆ ಮಾತ್ರ ಪೂರ್ತಿ ಬಿಟ್ಟರು. ರಾತ್ರಿ ಹೊರಗಿದ್ದವನಿಗೆ ಅದು ಸಲ್ಲಬೇಕು ಎಂದು ಅವರಿಗೆ ಗೊತ್ತಿತ್ತು.

ಅದೇ ವಾರ ಕಾಪು ಶಾಖೆಯ ರಾಮದಾಸನ ಬಿಲ್ಲೂ ಬಂತು. ಶಿರ್ವ, ನಂದಿಕೂರು ಅವನ ಸುತ್ತು. ಸಂಜೆಯ ಬಸ್ಸಿಗೆ ಕಾಪುವಿಗೆ ಮರಳಿ ತನ್ನ ಮನೆಯಲ್ಲೇ ಮಲಗುವ ಮನುಷ್ಯ. ಬಿಲ್ಲಿನ ಜೊತೆ ಹನ್ನೆರಡು ಮುದ್ರಿತ ರಶೀದಿ ಇದ್ದವು, ಎಲ್ಲ ಕಾರ್ಕಳದ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಲಾಡ್ಜಿನವು. ಎಂಟು ರೂಪಾಯಿಗೆ ಒಂದು ಪೈಸೆ ಹೆಚ್ಚಿಲ್ಲ, ಕಡಿಮೆಯಿಲ್ಲ. ತಾರೀಖು ತಿಂಗಳ ಆರಂಭದಿಂದ ಕೊನೆಯವರೆಗೆ ಹರಡಿತ್ತು; ರಶೀದಿಯ ಸಂಖ್ಯೆ ಮಾತ್ರ ಇನ್ನೂರ ಹನ್ನೊಂದರಿಂದ ಇನ್ನೂರ ಇಪ್ಪತ್ತೆರಡು, ಒಂದರ ಹಿಂದೆ ಒಂದು. ಇನ್ನೂರ ಇಪ್ಪತ್ತಮೂರರಿಂದ ಮುಂದಿನವು ಬೇರೊಬ್ಬ ಮೇಲ್ವಿಚಾರಕನ ಬಿಲ್ಲಿನಲ್ಲಿದ್ದವು.

ರಾಮದಾಸ ಹಣ ತೆಗೆದುಕೊಳ್ಳಲಿಕ್ಕೆ ಬಂದವನು ಮೇಜಿನ ತುದಿಗೆ ಕೂತು ತಾನೇ ಮಾತು ತೆಗೆದ.

"ಒಂದು ರಶೀದಿಗೆ ಒಂದು ರೂಪಾಯಿ ತೆಗೆದುಕೊಳ್ತಾನೆ ರಾಯರೇ, ಲಾಡ್ಜಿನವ. ನಮಗೆ ಏಳು ಉಳಿಯುತ್ತದೆ. ನೀವು ಮಾಡಿದ ಪಟ್ಟಿಯಿಂದ ನಮಗೆ ಒಳ್ಳೆಯದೇ ಆಯಿತು, ಅಲ್ವಾ? ಭೋಜನಿಗೂ ಹೇಳಿದೆ. ಅವ ನನ್ನನ್ನೇ ಕೇಳ್ತಾನೆ ಮಾರಾಯ್ರೇ, ನೀನು ಮಲಗಿದ ಕೋಣೆಗೆ ಕಿಟಕಿ ಉಂಟಾ ಅಂತ."

ಅವನು ನಕ್ಕ. ರಾಯರೂ ಸ್ವಲ್ಪ ನಕ್ಕರು. ಆಮೇಲೆ ಬಿಲ್ಲಿಗೆ ಸಹಿ ಮಾಡಿದರು. ರಶೀದಿ ಇತ್ತು, ಮುದ್ರಿತವಾಗಿತ್ತು, ಮಿತಿಯೊಳಗಿತ್ತು. ತಡೆಯಲಿಕ್ಕೆ ತಾವೇ ಬರೆದ ನಿಯಮದಲ್ಲಿ ಒಂದು ಶಬ್ದವೂ ಅವರಿಗೆ ಸಿಗಲಿಲ್ಲ.

ಮಾರ್ಚಿನಲ್ಲೂ ಹೀಗೇ ಆಯಿತು. ಎರಡು ತಿಂಗಳು ಸೇರಿ ನಾಲ್ಕು ಜನರ ತೊಂಬತ್ತಾರು ರಾತ್ರಿಗೆ ಏಳುನೂರ ಅರುವತ್ತೆಂಟು ರೂಪಾಯಿ ಹೋಯಿತು. ಬಜೆಟ್ಟಿನಲ್ಲಿ ಇದ್ದದ್ದು ನೂರ ಅರುವತ್ತು. ಭೋಜನ ಬಿಲ್ಲಿನಲ್ಲಿ ಈ ಸಲ ವಸತಿ ಎಂಬ ಸಾಲೇ ಇರಲಿಲ್ಲ. ಕುಶಲಕ್ಕನಿಗೆ ಅವನು ಕೈಯಿಂದ ಕೊಡುತ್ತಿದ್ದಾನೆ ಎಂದು ಕಾರ್ಕಳದ ಗುಮಾಸ್ತ ಜೋನ್ ಯಾವುದೋ ಮಾತಿನ ನಡುವೆ ಹೇಳಿದ.

ಬಾಬ್ತು ಮೀರಿದ್ದನ್ನು ರಾಯರು ಕಾರ್ಯದರ್ಶಿಗೆ ತಿಳಿಸಲೇಬೇಕಿತ್ತು. ಹೃಷೀಕೇಶರು ಐದೂ ಜನರ ಬಿಲ್ಲುಗಳನ್ನು ತರಿಸಿ ಮೇಜಿನ ಮೇಲೆ ಸಾಲಾಗಿ ಹಾಕಿದರು. ರಶೀದಿ ಸಂಖ್ಯೆಗಳನ್ನು ಅವರು ನೋಡುತ್ತಾರೆ ಎಂದು ರಾಯರು ಕಾದರು. ಅವರ ಬೆರಳು ಹೋಗಿ ನಿಂತದ್ದು ಭೋಜನ ಬಿಲ್ಲಿನ ಮೇಲೆ.

"ಇವ ತಿಂಗಳಿಗೆ ಹನ್ನೆರಡು ರಾತ್ರಿ ಹೊರಗೆ ಅಂತ ಪೂರ್ತಿ ದಿನಭತ್ಯೆ ಹಾಕಿದ್ದಾನೆ. ಲಾಡ್ಜಿನ ರಶೀದಿ ಒಂದೂ ಇಲ್ಲ. ಮಲಗಿದ್ದು ಎಲ್ಲಿ ರಾಯರೇ? ಸಂಜೆ ಬಸ್ಸಿಗೆ ಮನೆಗೆ ಬಂದಿದ್ದಾನೆ. ಅರ್ಧ ಭತ್ಯೆಯವ ಪೂರ್ತಿ ತಿಂದಿದ್ದಾನೆ."

ಖರೀದಿ ಚೀಟಿಗಳು ಉಂಟಲ್ಲ ಎಂದು ರಾಯರು ಮೆಲ್ಲಗೆ ಹೇಳಿ ನೋಡಿದರು. ಚೀಟಿಯಲ್ಲಿ ತಾರೀಖು ಇದೆ, ಗಂಟೆ ಎಲ್ಲಿದೆ ಎಂದು ಹೃಷೀಕೇಶರು ಕೇಳಿದರು. ಉಳಿದ ನಾಲ್ಕು ಜನ ರಶೀದಿ ತಂದಿದ್ದಾರೆ, ಕೊಡಲೇಬೇಕು. ತಾರದವನನ್ನು ನಂಬುವುದು ಹೇಗೆ ಎಂದರು. ಅವರ ಮಾತಿನಲ್ಲಿ ದ್ವೇಷವಿರಲಿಲ್ಲ. ಕಾಗದದಲ್ಲಿ ಇದ್ದದ್ದನ್ನು ಅವರು ಓದಿದ್ದರು, ಕಾಗದವನ್ನು ಮಾಡಿಟ್ಟವರು ರಾಯರು. ಸುಳ್ಳು ಪ್ರವಾಸ ಬಿಲ್ಲು ಸಲ್ಲಿಸಿದ್ದಕ್ಕೆ ಕಾರಣ ಕೇಳಿ ಮೆಮೋ ತಯಾರಾಯಿತು. ಏಳು ದಿನದೊಳಗೆ ಉತ್ತರ ಸಮರ್ಪಕವಾಗಿ ಬಾರದಿದ್ದರೆ ಜೂನಿನಲ್ಲಿ ಖಾಯಮಾತಿ ಇಲ್ಲ, ಕೆಲಸವೂ ಇಲ್ಲ. ಕಾರ್ಕಳಕ್ಕೆ ನೀವೇ ಹೋಗಿ ಕೊಟ್ಟು ಬನ್ನಿ ಎಂದು ಹೃಷೀಕೇಶರು ರಾಯರಿಗೆ ಹೇಳಿದರು.

ಮೆಮೋ ಟೈಪು ಮಾಡಿದವಳು ಮನೋರಮಾ. ಹಾಳೆಯನ್ನು ರಾಯರ ಮುಂದೆ ಇಡುವಾಗ ಅವಳು ಅವರ ಮುಖ ನೋಡಲಿಲ್ಲ. "ನೀವು ಆವತ್ತು ಕೇಳಿದ್ದಕ್ಕೆ ನಾನು ಉತ್ತರ ಹೇಳಬೇಕಿತ್ತು ರಾಯರೇ," ಎಂದಳು. "ನನ್ನ ತವರು ಹೆಬ್ರಿಯ ಹತ್ತಿರವೇ."

ಆ ಸಂಜೆ ರಾಯರು ಎಂದಿನಂತೆ ಮಠಕ್ಕೆ ಪುರಾಣ ಕೇಳಲಿಕ್ಕೆ ಹೋಗಿ ಕಂಬಕ್ಕೆ ಒರಗಿ ಕೂತರು. ಓದುವವರು ಪದ್ಯವನ್ನು ಎಳೆದು ಬಿಡಿಸಿ ಹಾಡುತ್ತಿದ್ದರು. ಚಿಕ್ಕಂದಿನಿಂದ ಕಿವಿಗೆ ಬಿದ್ದ ಪದ್ಯ. ಮುಂದಿನ ಸಾಲು ಓದುವ ಮೊದಲೇ ರಾಯರ ತುಟಿಗೆ ಬರುತ್ತಿತ್ತು. ಅಂದು ಬಂದದ್ದು ನಿಯಮ ನಾಲ್ಕರ ಸಾಲು. ಅದೂ ನಾಲಿಗೆಯ ಮೇಲೆ ತಡೆಯಿಲ್ಲದೆ ಹರಿಯಿತು. ಮಂಗಳಾರತಿಗೆ ನಿಲ್ಲದೆ ಅವರು ಎದ್ದು ಬಂದರು.

ಮಾರನೆಯ ದಿನ ಬೆಳಿಗ್ಗೆ ಕಾರ್ಕಳದಲ್ಲಿ ಬಸ್ಸಿಳಿದ ರಾಯರು ನೇರ ಶಾಖೆಗೆ ಹೋಗಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರದ ಆ ಲಾಡ್ಜಿನ ಮೆಟ್ಟಿಲು ಹತ್ತಿದರು. ಇಳಿದಾಗ ಅವರ ಚೀಲದಲ್ಲಿ ಮೆಮೋದ ಜೊತೆಗೆ ಒಂದು ಲಕೋಟೆ ಇತ್ತು.

ಶಾಖೆಯ ಹಿಂದಿನ ಅಂಗಳದಲ್ಲಿ ಭೋಜ ಬೀಜ ಒಣಹಾಕಿಸುತ್ತಿದ್ದ. ರಾಯರನ್ನು ಕಂಡು ಕೈ ಒರಸಿಕೊಂಡು ಬಂದ. ಗೋದಾಮಿನ ನೆರಳಲ್ಲಿ ಚೀಲದ ಮೇಲೆ ಇಬ್ಬರೂ ಕೂತರು. ಅವನು ಮೆಮೋವನ್ನು ಎರಡು ಸಲ ಓದಿ ಮಡಚಿ ಅಂಗಿಯ ಕಿಸೆಯಲ್ಲಿಟ್ಟ. ಸಿಟ್ಟು ಮಾಡಲಿಲ್ಲ.

"ಇದಕ್ಕೆ ಉತ್ತರ ನಾನು ಬರೆದರೆ ಎಂತ ಪ್ರಯೋಜನ? ನೀವು ಬರೆಯಿರಿ ರಾಯರೇ. ಒಂದೇ ಸಾಲು. ಆ ಕಡೆಯಲ್ಲಿ ಲಾಡ್ಜ್ ಇಲ್ಲ ಅಂತ. ನಿಮಗೆ ಗೊತ್ತುಂಟು."

ರಾಯರು ಅಂಗಳದ ಬೀಜವನ್ನು ನೋಡುತ್ತ ತಮ್ಮ ಕಷ್ಟ ಹೇಳಿದರು. ಪಟ್ಟಿಯ ಅಡಿಯಲ್ಲಿ ತಮ್ಮ ಸಹಿ ಇದೆ. ಸೌಲಭ್ಯ ಹೆಚ್ಚಿಸಲಾಗಿದೆ ಎಂದು ಬರೆದ ಕೈಯೇ ಈಗ ಲಾಡ್ಜ್ ಇಲ್ಲ ಎಂದು ಬರೆದರೆ, ಗೊತ್ತಿದ್ದೂ ಯಾಕೆ ಹಾಗೆ ಮಾಡಿದೆ ಎಂಬ ಪ್ರಶ್ನೆ ಬರುತ್ತದೆ. ಎಲ್ಲಿಂದ ತೆಗೆದು ಎಲ್ಲಿಗೆ ಇಟ್ಟೆ ಎಂದು ಕೇಳುತ್ತಾರೆ. ನಿರ್ದೇಶಕರ ಒಂದನೇ ದರ್ಜೆಯ ತನಕ ಹೋಗುತ್ತದೆ. ತಮಗೆ ನಿವೃತ್ತಿಗೆ ಇನ್ನು ಎರಡೇ ವರ್ಷ.

ಭೋಜ ಪೂರ್ತಿ ಕೇಳಿಸಿಕೊಂಡ.

"ಮನೋರಮಕ್ಕ ಹೇಳಿದರು," ಎಂದ ಕೊನೆಗೆ. "ಪಟ್ಟಿ ಬರೆಯುವಾಗ ನೀವು ಕೇಳಿದ್ದಿರಂತೆ, ಹೆಬ್ರಿಯಿಂದ ಆಚೆ ಲಾಡ್ಜ್ ಉಂಟಾ ಅಂತ. ಯಾರೂ ಇಲ್ಲ ಅನ್ನಲಿಲ್ಲವಂತೆ. ಒಂದು ಕಾರ್ಡು ಹಾಕಿದ್ದರೆ ನಾನು ಹೇಳುತ್ತಿದ್ದೆ."

ರಾಯರು ಚೀಲದಿಂದ ಲಕೋಟೆ ತೆಗೆದರು. ಒಳಗಿನಿಂದ ಇಪ್ಪತ್ತನಾಲ್ಕು ರಶೀದಿಗಳನ್ನು ಎಳೆದು ಬೀಜದ ಚೀಲದ ಮೇಲಿಟ್ಟರು. ಮುದ್ರಿತ ರಶೀದಿಗಳು. ತಾರೀಖು ತುಂಬಿತ್ತು, ಎಂಟು ರೂಪಾಯಿ ತುಂಬಿತ್ತು, ಲಾಡ್ಜಿನ ಮೊಹರು ಬಿದ್ದಿತ್ತು. ಈ ಸಲ ಸಂಖ್ಯೆಗಳನ್ನು ಒಂದರ ಹಿಂದೆ ಒಂದು ಬಾರದಂತೆ ಪುಸ್ತಕದ ಅಲ್ಲಲ್ಲಿಂದ ಹರಿಸಿದ್ದರು. ಒಂದಕ್ಕೆ ಒಂದು ರೂಪಾಯಿಯಂತೆ ತಮ್ಮ ಕೈಯಿಂದಲೇ ಕೊಟ್ಟಿದ್ದರು.

"ನಿನ್ನ ಹೆಸರಿನ ಮುಂದೆ ಒಂದು ಸಹಿ ಹಾಕು, ಸಾಕು," ಎಂದರು. "ರಶೀದಿ ತಡವಾಗಿ ಸಲ್ಲಿಸಿದ್ದೇನೆ ಅಂತ ಉತ್ತರ ಬರೆ. ನಾನು ಇವತ್ತೇ ಪಾಸು ಮಾಡ್ತೇನೆ. ಮೆಮೋ ಫೈಲಿನಲ್ಲಿ ಮಲಗುತ್ತದೆ. ಜೂನಿಗೆ ನೀನು ಖಾಯಂ. ಬಂದ ದುಡ್ಡನ್ನು ಬೇಕಾದರೆ ಆ ಕುಶಲಕ್ಕನಿಗೇ ಕೊಡು ಮಾರಾಯ. ನನಗೋಸ್ಕರ ಇಷ್ಟು ಮಾಡು."

ಗಾಳಿ ಬಂದು ಮೇಲಿನ ರಶೀದಿ ಎದ್ದಿತು. ಭೋಜ ಕೈಯಳತೆಯಲ್ಲಿದ್ದ ಅರ್ಧ ಕಿಲೋ ತೂಕದ ಬಟ್ಟನ್ನು ತೆಗೆದು ಅವುಗಳ ಮೇಲಿಟ್ಟ. ರಾಯರ ಮುಖ ಒಂದಿಷ್ಟು ಸಡಿಲವಾಯಿತು. ಕಿಸೆಯಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಅವನ ಕಡೆ ಚಾಚಿದರು.

ಭೋಜ ಪೆನ್ನಿಗೆ ಕೈ ಚಾಚಲಿಲ್ಲ.

"ಆಗುದಿಲ್ಲ ರಾಯರೇ," ಎಂದ. "ನಾನು ಹಾಕುದಿಲ್ಲ."